ಒಂದು ಹಿಡಿ ಎಂದರೆ ಎಷ್ಟು?

"ದಿನಾ ಒಂದು ಹಿಡಿ ಡ್ರೈಫ್ರೂಟ್ಸ್ ತಿನ್ನಿ" ಎಂಬ ಮಾತನ್ನು ಕೇಳದವರು ಈಗ ಯಾರೂ ಇರಲಿಕ್ಕಿಲ್ಲ. ವೈದ್ಯರು ಹೇಳುತ್ತಾರೆ, ಜಿಮ್ಮಿನ ಹುಡುಗ ಹೇಳುತ್ತಾನೆ, ಮದುವೆ ಊಟಕ್ಕೆ ಪಕ್ಕದ ಎಲೆಯಲ್ಲಿ ಕೂತವರೂ ಹೇಳುತ್ತಾರೆ. ಬಾದಾಮಿ, ಗೋಡಂಬಿ, ಒಣದ್ರಾಕ್ಷಿ ಮೂರೂ ಒಳ್ಳೆಯ ಆಹಾರವೇ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಆ ಹಿಡಿಯ ಬಗ್ಗೆ. ಬೆರಳು ಮಡಚಿ ಮುಷ್ಟಿ ಮುಚ್ಚಿದರೆ ದೊಡ್ಡವರ ಕೈಯಲ್ಲಿ 25ರಿಂದ 30 ಗ್ರಾಂ ನಿಲ್ಲುತ್ತದೆ. ಅದೇ ಕೈಯನ್ನು ಡಬ್ಬಿಯೊಳಗೆ ಹಾಕಿ ಬಾಚಿ ತೆಗೆದರೆ 50 ಗ್ರಾಂ ಸಲೀಸಾಗಿ ಬರುತ್ತದೆ. ಎರಡನ್ನೂ ನಾವು ಒಂದು ಹಿಡಿ ಎಂದೇ ಕರೆಯುತ್ತೇವೆ. ಮೊದಲನೆಯದರಲ್ಲಿ ಹೆಚ್ಚೆಂದರೆ 150 ಕ್ಯಾಲೊರಿ, ಎರಡನೆಯದರಲ್ಲಿ 250.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಸಂಜೆ ಕಾಫಿಯ ಜೊತೆ ಒಬ್ಬರು 10 ಬಾದಾಮಿ, 10 ಗೋಡಂಬಿ, 20 ಒಣದ್ರಾಕ್ಷಿ ತಿನ್ನುತ್ತಾರೆ ಎಂದುಕೊಳ್ಳಿ. ತಟ್ಟೆಯಲ್ಲಿ ಹರಡಿದರೆ ಇಷ್ಟೇನಾ ಅನ್ನಿಸುವಷ್ಟಿರುತ್ತದೆ. ಸಾಧಾರಣ ಗಾತ್ರದ ಒಂದು ಬಾದಾಮಿ ಸುಮಾರು 1.2 ಗ್ರಾಂ ತೂಗುತ್ತದೆ, ಅಂದರೆ ಹತ್ತಕ್ಕೆ 12 ಗ್ರಾಂ. 100 ಗ್ರಾಂ ಬಾದಾಮಿಯಲ್ಲಿ ಹತ್ತಿರ ಹತ್ತಿರ 580 ಕ್ಯಾಲೊರಿ ಇರುವುದರಿಂದ ಆ ಹತ್ತರಲ್ಲಿ 70 ಆಯಿತು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಮಧ್ಯಮ ಗಾತ್ರದ ಗೋಡಂಬಿ ಒಂದಕ್ಕೆ 1.4 ಗ್ರಾಂ, ಹತ್ತಕ್ಕೆ 14 ಗ್ರಾಂ. ಗೋಡಂಬಿಯ ಕ್ಯಾಲೊರಿ 100 ಗ್ರಾಂಗೆ 550ರ ಆಸುಪಾಸು, ಹಾಗಾಗಿ ಅಲ್ಲಿ 78. ಒಣದ್ರಾಕ್ಷಿ ಒಂದೊಂದು ಅರ್ಧ ಗ್ರಾಂ ಎಂದು ಹಿಡಿದರೆ ಇಪ್ಪತ್ತಕ್ಕೆ 10 ಗ್ರಾಂ, 30 ಕ್ಯಾಲೊರಿ. ಎಲ್ಲ ಕೂಡಿಸಿದರೆ ತೂಕ 36 ಗ್ರಾಂ, ಕ್ಯಾಲೊರಿ ಸುಮಾರು 180. ಮೂವತ್ತು ಗ್ರಾಂ ಹಿಟ್ಟಿನ, ಎಣ್ಣೆ ಸವರದ ಒಂದು ಚಪಾತಿಯಲ್ಲಿ ಇರುವುದು 100 ಕ್ಯಾಲೊರಿ. ಅಂದರೆ ಕಾಫಿಯ ಜೊತೆ ಹೊಟ್ಟೆಗೆ ಹೋದದ್ದು ಎರಡು ಚಪಾತಿಗೆ ಸ್ವಲ್ಪ ಕಮ್ಮಿ.

ಇದೇನೂ ಅತಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆಗೆ ಇಂಥ ಬೀಜಗಳ ಪಾಲು 35 ಗ್ರಾಂ ಎಂದಿದೆ. ನಮ್ಮ ಲೆಕ್ಕದಲ್ಲಿ ಬಾದಾಮಿ, ಗೋಡಂಬಿ ಸೇರಿ 26 ಗ್ರಾಂ ಆಗಿದೆ. ಆದರೆ ಆ 35 ಗ್ರಾಂ ಇಡೀ ದಿನದ ಪಾಲು. ಬೆಳಗ್ಗೆ ದೋಸೆಯ ಜೊತೆ ಕಡಲೆಬೀಜದ ಚಟ್ನಿ ತಿಂದಿದ್ದರೆ, ಮಧ್ಯಾಹ್ನದ ಪಲ್ಯಕ್ಕೆ ಎಳ್ಳುಪುಡಿ ಉದುರಿಸಿದ್ದರೆ ಅವೂ ಅದರೊಳಗೇ ಬರಬೇಕು. ಇನ್ನೊಂದು ಮಾತು: ಆ ಪಾಲನ್ನು ನಿಗದಿ ಮಾಡಿರುವುದು ಉಳಿದ ಊಟದಲ್ಲಿ ಅಷ್ಟಕ್ಕೆ ಜಾಗ ಬಿಟ್ಟು. ನಾವು ಮಾಡುವುದು ಬೇರೆ. ಎರಡು ಚಪಾತಿ, ಅನ್ನ, ಸಾರು ಎಲ್ಲ ಎಂದಿನಂತೆಯೇ ಉಂಡು, ಮೇಲಿಂದ ಆರೋಗ್ಯಕ್ಕೆಂದು ಬಾದಾಮಿ ತಿನ್ನುತ್ತೇವೆ.

ಈಗ ಮೇಲಿನ ಲೆಕ್ಕದಲ್ಲಿ ಒಂದು ಕಡೆ ನಿಲ್ಲಬೇಕು. ಹತ್ತು ಗೋಡಂಬಿ ಎಂದೆವಲ್ಲ, ಯಾವ ಗೋಡಂಬಿ? ಮಂಗಳೂರು ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ತಿರುಳನ್ನು ಗಾತ್ರದ ಪ್ರಕಾರ ವಿಂಗಡಿಸಿ ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂದು ಹೆಸರಿಡುತ್ತಾರೆ. ದೊಡ್ಡ ಅಂಗಡಿಗಳ ಪೊಟ್ಟಣದ ಮೇಲೂ ಈ ಗುರುತು ಇರುತ್ತದೆ. ಡಬ್ಲ್ಯು ಎಂದರೆ ಬಿಳಿಯ ಇಡೀ ತಿರುಳು. ಮುಂದಿನ ಅಂಕಿ ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, ಎಷ್ಟು ತಿರುಳು ನಿಲ್ಲುತ್ತದೆ ಎಂಬುದರ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಗೋಡಂಬಿ ದೊಡ್ಡದು. 454ನ್ನು 320ರಿಂದ ಭಾಗಿಸಿದರೆ ಒಂದು ತಿರುಳಿಗೆ 1.4 ಗ್ರಾಂ ಬರುತ್ತದೆ, 180ರಿಂದ ಭಾಗಿಸಿದರೆ 2.5 ಗ್ರಾಂ. ಹಬ್ಬಕ್ಕೆ, ಉಡುಗೊರೆಗೆ ಕೊಡುವ ಆ ದಪ್ಪ ಗೋಡಂಬಿ ಹತ್ತು ತಿಂದರೆ 25 ಗ್ರಾಂ, ಸುಮಾರು 140 ಕ್ಯಾಲೊರಿ. ಎಣಿಕೆ ಒಂದೇ, ಕ್ಯಾಲೊರಿ ಹೆಚ್ಚು ಕಡಿಮೆ ದುಪ್ಪಟ್ಟು. ಬಾಕಿಯೆಲ್ಲ ಹಾಗೇ ಇಟ್ಟು ಗೋಡಂಬಿಯ ದರ್ಜೆಯೊಂದನ್ನೇ ಬದಲಾಯಿಸಿದರೂ ನಮ್ಮ 180ರ ಹಿಡಿ 240ಕ್ಕೆ ಏರುತ್ತದೆ. "ದಿನಕ್ಕೆ ಇಷ್ಟು ಗೋಡಂಬಿ" ಎಂದು ಎಣಿಕೆಯಲ್ಲಿ ಕೊಡುವ ಸಲಹೆಗಳು ಇದನ್ನು ಹೇಳುವುದೇ ಇಲ್ಲ. ಇನ್ನು ಹೋಳು, ನುಚ್ಚು ತಂದವರು ಎಣಿಸುವುದಾದರೂ ಏನನ್ನು?

ಇಷ್ಟು ಚಿಕ್ಕ ವಸ್ತುವಿನಲ್ಲಿ ಇಷ್ಟೊಂದು ಕ್ಯಾಲೊರಿ ಹೇಗೆ ಬಂತು ಎಂದರೆ ಕಾರಣ ಎರಡು. ಬಾದಾಮಿಯ ತೂಕದಲ್ಲಿ ಅರ್ಧದಷ್ಟು ಎಣ್ಣೆ, ಗೋಡಂಬಿಯಲ್ಲಿ ನೂರಕ್ಕೆ 44 ಭಾಗ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪಿಷ್ಟಕ್ಕೂ ಪ್ರೋಟೀನಿಗೂ 4. ಎರಡನೆಯದಾಗಿ, ಇವುಗಳಲ್ಲಿ ನೀರು ನೂರಕ್ಕೆ ಐದು ಭಾಗ ಇದ್ದರೆ ಹೆಚ್ಚು. ಹಣ್ಣು, ತರಕಾರಿ, ಅನ್ನ, ಇಡ್ಲಿ ಎಲ್ಲದರಲ್ಲೂ ತೂಕದ ದೊಡ್ಡ ಪಾಲು ನೀರಿನದು. ಆ ನೀರು ಕ್ಯಾಲೊರಿ ಕೊಡುವುದಿಲ್ಲ, ಆದರೆ ತಟ್ಟೆಯನ್ನೂ ಹೊಟ್ಟೆಯನ್ನೂ ತುಂಬಿಸುತ್ತದೆ. ನಮ್ಮ ಹಿಡಿಯ 180 ಕ್ಯಾಲೊರಿಯನ್ನು ಪಪ್ಪಾಯಿಯಿಂದ ಪಡೆಯಬೇಕಾದರೆ 400 ಗ್ರಾಂಗೂ ಮೇಲೆ ತಿನ್ನಬೇಕು, ಅಂದರೆ ದೊಡ್ಡ ಬಟ್ಟಲಿನ ತುಂಬ ಹೋಳು. ಅದನ್ನು ಎರಡು ಸಲ ಬಡಿಸಿಕೊಂಡು ತಿನ್ನುವವರು ಅಪರೂಪ. ಬಾದಾಮಿ ಗೋಡಂಬಿಯನ್ನು ಎರಡನೆಯ ಸಲ ಬಾಚಿಕೊಂಡದ್ದು ನೆನಪಲ್ಲೂ ಇರುವುದಿಲ್ಲ.

ಒಣದ್ರಾಕ್ಷಿಯ ಕಥೆ ಇದಕ್ಕಿಂತ ಬೇರೆ. ಅದರಲ್ಲಿ ಎಣ್ಣೆ ಇಲ್ಲವೆಂದೇ ಹೇಳಬಹುದು. 100 ಗ್ರಾಂಗೆ 300 ಕ್ಯಾಲೊರಿ, ಬಾದಾಮಿಯ ಅರ್ಧ. ಆದರೆ ತೂಕದಲ್ಲಿ ನೂರಕ್ಕೆ 60 ಭಾಗದಷ್ಟು ಬರೀ ಸಕ್ಕರೆ. ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆ ಹೊತ್ತಿಗೆ ಹೋದರೆ ತೋಟದ ಬದಿಯಲ್ಲಿ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿದ ಒಣಗಿಸುವ ಶೆಡ್‌ಗಳು ಕಾಣುತ್ತವೆ. ಬೀಜವಿಲ್ಲದ ದ್ರಾಕ್ಷಿಯ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಆ ಬಲೆಗಳ ಮೇಲೆ ಹರಡುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ನೀರನ್ನು ಹೊರಗೆ ಬಿಡಲೆಂದು ಈ ಉಪಾಯ. ಎರಡು ಮೂರು ವಾರದಲ್ಲಿ ಸುಮಾರು ನಾಲ್ಕು ಕಿಲೊ ಹಣ್ಣು ಒಂದು ಕಿಲೊ ಒಣದ್ರಾಕ್ಷಿಯಾಗುತ್ತದೆ. ಹೋದದ್ದು ನೀರು ಮಾತ್ರ, ಸಕ್ಕರೆಯೆಲ್ಲ ಅಲ್ಲೇ ಉಳಿಯಿತು. ಹಾಗಾಗಿ 20 ಒಣದ್ರಾಕ್ಷಿ ಎಂದರೆ 20 ದ್ರಾಕ್ಷಿಯೇ. ಹಸಿ ದ್ರಾಕ್ಷಿ ತಿನ್ನುವಾಗ ಗೊಂಚಲು ಬರಿದಾಗುವುದು ಕಣ್ಣಿಗೆ ಕಾಣುತ್ತದೆ, ರಸ ಬಾಯಿ ತುಂಬುತ್ತದೆ, ಕೈ ತಾನೇ ನಿಧಾನವಾಗುತ್ತದೆ. ಒಣದ್ರಾಕ್ಷಿ ನಾಲ್ಕೈದು ಒಟ್ಟಿಗೆ ಅಂಟಿಕೊಂಡೇ ಬಾಯಿಗೆ ಹೋಗುತ್ತದೆ. ಇಪ್ಪತ್ತರಲ್ಲಿ ಆರು ಗ್ರಾಂ ಸಕ್ಕರೆ, ಒಂದು ಚಮಚಕ್ಕಿಂತ ಸ್ವಲ್ಪ ಹೆಚ್ಚು. ಸಕ್ಕರೆ ಕಾಯಿಲೆ ಇರುವವರು ಕಾಫಿಗೆ ಸಕ್ಕರೆ ಬಿಟ್ಟು ಬಟ್ಟಲಿನಲ್ಲಿ ಅದನ್ನೇ ತಿನ್ನುತ್ತಿದ್ದರೆ ಬಿಟ್ಟದ್ದರ ಪ್ರಯೋಜನ ಅಷ್ಟರಲ್ಲೇ ಇದೆ.

ಇಲ್ಲಿ ಬಾದಾಮಿ ಗೋಡಂಬಿಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪೊಟ್ಟಣದ ಮೇಲಿನ ಕ್ಯಾಲೊರಿಯೆಲ್ಲ ನಮ್ಮ ಮೈಗೆ ಹತ್ತುವುದಿಲ್ಲ. ಒಂದು ಗ್ರಾಂ ಕೊಬ್ಬಿಗೆ 9, ಪಿಷ್ಟಕ್ಕೆ 4, ಪ್ರೋಟೀನಿಗೆ 4 ಎಂಬ ಸೂತ್ರ ಅಮೆರಿಕದ ವಿಲ್ಬರ್ ಅಟ್ವಾಟರ್ ಎಂಬ ವಿಜ್ಞಾನಿಯ ಕಾಲದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯದು. ಬಗೆಬಗೆಯ ಆಹಾರಕ್ಕೆ ಹಿಡಿದ ಸರಾಸರಿ ಅದು. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 18 ಜನರಿಗೆ ಅಳತೆ ಮಾಡಿದ ಊಟದ ಜೊತೆ ಬಾದಾಮಿ ತಿನ್ನಿಸಿ, ಅವರ ಮಲ ಮೂತ್ರದಲ್ಲಿ ಹೊರಗೆ ಹೋದ ಶಕ್ತಿಯನ್ನೂ ಅಳೆದರು. ಸೂತ್ರದ ಪ್ರಕಾರ 28 ಗ್ರಾಂ ಬಾದಾಮಿಯಲ್ಲಿ ಸುಮಾರು 170 ಕ್ಯಾಲೊರಿ ಇರಬೇಕು. ದೇಹಕ್ಕೆ ದಕ್ಕಿದ್ದು 129. ಗೋಡಂಬಿಯ ಮೇಲಿನ ಇಂಥದೇ ಅಧ್ಯಯನ 2019ರಲ್ಲಿ ಬಂತು. ಅಲ್ಲಿ 163ರ ಬದಲು 137. ಇದಕ್ಕೆ ಕಾರಣ ಜೀವಕೋಶಗಳ ಗೋಡೆ. ಬಾದಾಮಿಯ ಎಣ್ಣೆ ಕೋಶಗಳೊಳಗೆ ಬಂದಿಯಾಗಿರುತ್ತದೆ. ನಮ್ಮ ಹಲ್ಲು ಎಷ್ಟೇ ಅಗಿದರೂ ಎಲ್ಲ ಕೋಶಗಳೂ ಒಡೆಯುವುದಿಲ್ಲ, ಕರುಳಿನ ರಸಕ್ಕೆ ಆ ಗೋಡೆ ಕರಗುವುದಿಲ್ಲ. ಒಡೆಯದ ಚೂರುಗಳು ಎಣ್ಣೆ ಸಮೇತ ಹೊರಗೆ ಹೋಗುತ್ತವೆ.

ಅದೇ ಸಂಶೋಧಕರ ತಂಡ 2016ರಲ್ಲಿ ಇಡೀ ಬಾದಾಮಿ, ಹುರಿದದ್ದು, ಕತ್ತರಿಸಿದ್ದು, ಬೆಣ್ಣೆಯಂತೆ ಅರೆದದ್ದು ಹೀಗೆ ಬೇರೆ ಬೇರೆಯಾಗಿ ಕೊಟ್ಟು ನೋಡಿತು. ಹಸಿ ಇಡೀ ಬಾದಾಮಿಯಲ್ಲಿ ಸಿಕ್ಕ ರಿಯಾಯಿತಿ ಅತಿ ಹೆಚ್ಚು, ಹುರಿದದ್ದರಲ್ಲಿ ಅದಕ್ಕಿಂತ ಕಡಿಮೆ. ನುಣ್ಣಗೆ ಅರೆದದ್ದರಲ್ಲಿ ರಿಯಾಯಿತಿಯೇ ಇರಲಿಲ್ಲ. ಯಂತ್ರವೇ ಕೋಶಗಳನ್ನು ಒಡೆದು ಕೊಟ್ಟಮೇಲೆ ಎಣ್ಣೆಗೆ ಅಡಗಲು ಜಾಗವೆಲ್ಲಿ? ನಮ್ಮ ಅಡುಗೆಮನೆಗೆ ಇದನ್ನು ತಂದರೆ, ಹಾಲಿಗೆ ಕದಡುವ ಬಾದಾಮಿ ಪುಡಿಗೂ ಕುರ್ಮಾಕ್ಕೆ ಅರೆದು ಹಾಕುವ ಗೋಡಂಬಿಗೂ ಕಾಜು ಬರ್ಫಿಗೂ ಈ ವಿನಾಯಿತಿ ನೆಚ್ಚಿಕೊಳ್ಳುವಂತಿಲ್ಲ. ಒಣದ್ರಾಕ್ಷಿಗಂತೂ ಇಲ್ಲವೇ ಇಲ್ಲ, ಸಕ್ಕರೆ ಪೂರ್ತಿ ಕರಗಿ ರಕ್ತಕ್ಕೆ ಸೇರುತ್ತದೆ.

ಈ ಸಂಶೋಧನೆಯ ಸುದ್ದಿ ಓದಿ ಖುಷಿಪಟ್ಟವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ನಮ್ಮ 10 ಬಾದಾಮಿ, 10 ಸಾಧಾರಣ ಗೋಡಂಬಿ, 20 ಒಣದ್ರಾಕ್ಷಿಗೆ ಈ ಹೊಸ ಅಂಕಿಗಳನ್ನು ಹಾಕಿದರೆ 180ರ ಬದಲು ಸುಮಾರು 155 ಬರುತ್ತದೆ. ದೇಹ ಬಿಟ್ಟುಕೊಟ್ಟದ್ದು 25 ಕ್ಯಾಲೊರಿ. ಮುಚ್ಚಿದ ಮುಷ್ಟಿಗೂ ಬಾಚಿದ ಅಂಗೈಗೂ ಇರುವ ಅಂತರ 100. ದೇಹದ ರಿಯಾಯಿತಿಯ ನಾಲ್ಕು ಪಟ್ಟನ್ನು ಕೈ ಒಂದೇ ಸಲಕ್ಕೆ ತೆಗೆದುಕೊಂಡುಬಿಡುತ್ತದೆ. ಈ 100 ಕ್ಯಾಲೊರಿ ಒಂದು ದೊಡ್ಡ ಚಮಚ ಎಣ್ಣೆಗೆ ತುಸು ಕಡಿಮೆ. ಒಗ್ಗರಣೆಗೆ ಎಣ್ಣೆ ಬಿಡುವಾಗ ಕೈ ಬಿಗಿ ಹಿಡಿಯುವ ಮನೆಗಳಲ್ಲೂ ಗೋಡಂಬಿ ಡಬ್ಬಿಯ ಮೇಲೆ ಆ ಕಾವಲಿಲ್ಲ.

ಕೈ ಯಾಕೆ ಹೀಗೆ ಮಾಡುತ್ತದೆ? ಇಡ್ಲಿ ತಿನ್ನುವಾಗ ಎರಡೋ ಮೂರೋ ಎಂಬ ಲೆಕ್ಕ ತನ್ನಷ್ಟಕ್ಕೆ ಇರುತ್ತದೆ, ಇನ್ನೊಂದು ಬೇಕಾದರೆ ಯಾರಾದರೂ ಬಡಿಸಬೇಕು. ಗೋಡಂಬಿಗೆ ಬಡಿಸುವವರಿಲ್ಲ, ತಟ್ಟೆ ಇಲ್ಲ, ಇಲ್ಲಿಗೆ ಮುಗಿಯಿತು ಎನ್ನುವ ಗುರುತೂ ಇಲ್ಲ. ಬಸವನಗುಡಿಯ ಪರಿಷೆಯಲ್ಲಿ ಕಡಲೆಕಾಯಿ ತಿಂದವರಿಗೆ ಇನ್ನೊಂದು ವ್ಯತ್ಯಾಸ ಗೊತ್ತಿರುತ್ತದೆ. ಸಿಪ್ಪೆ ಒಡೆಯಬೇಕು, ಊದಬೇಕು, ಎರಡು ಬೀಜ ಬಾಯಿಗೆ ಹಾಕಬೇಕು. ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ ಬೆಳೆಯುತ್ತಾ ತಿಂದದ್ದರ ಲೆಕ್ಕ ಹೇಳುತ್ತಿರುತ್ತದೆ. ಅಮೆರಿಕದ ಈಸ್ಟರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪಿಸ್ತಾದ ಮೇಲೆ ಪರೀಕ್ಷೆ ಮಾಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಚಿಪ್ಪು ಬಿಡಿಸಿದ ಪಿಸ್ತಾ ಪಡೆದವರು ಸರಾಸರಿ 211 ಕ್ಯಾಲೊರಿಯಷ್ಟು ತಿಂದರು, ಚಿಪ್ಪಿರುವುದನ್ನು ಪಡೆದವರು 125. ತೃಪ್ತಿಯಲ್ಲಿ ಇಬ್ಬರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಬಾದಾಮಿ, ಗೋಡಂಬಿ ನಮಗೆ ಸಿಗುವುದೇ ಬಿಡಿಸಿಟ್ಟು. ಗೇರುಬೀಜದ ಚಿಪ್ಪಿನಲ್ಲಿ ಚರ್ಮ ಸುಡುವ ಎಣ್ಣೆ ಇದೆ. ಹಬೆಯಲ್ಲಿ ಬೇಯಿಸಿ ಅಥವಾ ಹುರಿದು, ಒಂದೊಂದಾಗಿ ಕತ್ತರಿಸಿ, ಒಣಗಿಸಿ, ಕೆಂಪು ಸಿಪ್ಪೆ ಸುಲಿದು, ಆಮೇಲೆ ದರ್ಜೆ ನೋಡಿ ವಿಂಗಡಿಸಬೇಕು. ಕರಾವಳಿಯ ಕಾರ್ಖಾನೆಗಳಲ್ಲಿ ಈ ಕೆಲಸದ ಬಹುಪಾಲು ಮಾಡಿದವರು ಹೆಂಗಸರು. ಅಷ್ಟು ಕೈ ದಾಟಿ ಬಂದ ಗೋಡಂಬಿಗೆ ಬೆಲೆಯೂ ಜಾಸ್ತಿ ಇತ್ತು, ಪಾಯಸದ ಬಟ್ಟಲಿಗೆ ಎರಡು ಬಿದ್ದರೆ ಅದೃಷ್ಟ. ಯಾರೂ ಪಥ್ಯ ಹೇಳದಿದ್ದರೂ ಆ ಬೆಲೆಯೇ ಪಥ್ಯ ಮಾಡಿಸುತ್ತಿತ್ತು. ಈಗಲೂ ಅಗ್ಗವೇನಲ್ಲ, ಆದರೆ ತಿಂಗಳ ಸಾಮಾನಿನ ಜೊತೆ ಅರ್ಧ ಕಿಲೊ ಪೊಟ್ಟಣ ಬರುವ ಮನೆಗಳು ಬಹಳ. ಡಬ್ಬಿ ಟೀವಿ ಮುಂದಿನ ಟೀಪಾಯಿಗೆ ಬಂದಮೇಲೆ ಎಣಿಸುವ ಗೋಜಿಗೆ ಯಾರು ಹೋಗುತ್ತಾರೆ? ಮೂರನ್ನೂ ಬೆರೆಸಿಟ್ಟ ಡಬ್ಬಿಯಾದರೆ ಮೊದಲು ಖಾಲಿಯಾಗುವುದು ಗೋಡಂಬಿಯೇ ಎಂಬುದನ್ನು ಮಕ್ಕಳಿರುವ ಮನೆಯವರಿಗೆ ಹೇಳಬೇಕಾಗಿಲ್ಲ. ಅದಕ್ಕೆ ಎಣ್ಣೆಯಲ್ಲಿ ಕರಿದು ಉಪ್ಪು ಖಾರ ಹಚ್ಚಿದ್ದರಂತೂ ಕೈ ನಿಲ್ಲುವುದು ಡಬ್ಬಿಯ ತಳ ಸಿಕ್ಕಿದ ಮೇಲೆ.

ಇದರ ನಡುವೆ ಅಳತೆ ತಪ್ಪದೆ ಉಳಿದಿರುವ ಒಂದು ಪದ್ಧತಿ ರಾತ್ರಿ ಬಾದಾಮಿ ನೆನೆಸಿಡುವುದು. ನೆನೆಸಿದರೆ ಬಾದಾಮಿಯ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅದು ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಸಿಪ್ಪೆ ಸುಲಭವಾಗಿ ಬಿಡುತ್ತದೆ, ಅಷ್ಟೇ. ಒಂದರಲ್ಲಿ ಇರುವುದು ಆಗಲೂ ಅದೇ ಏಳು ಕ್ಯಾಲೊರಿ. ನನಗೆ ಈ ಪದ್ಧತಿ ಹಿಡಿಸುವುದು ಬೇರೆ ಕಾರಣಕ್ಕೆ. ಮನೆಯಲ್ಲಿ ಇಷ್ಟು ಜನ, ಒಬ್ಬರಿಗೆ ಐದರಂತೆ ಇಷ್ಟು ಬಾದಾಮಿ ಎಂದು ಎಣಿಸಿಯೇ ನೀರಿಗೆ ಹಾಕುತ್ತಾರೆ. ಹಸಿವಿಲ್ಲದ ಹೊತ್ತಿನಲ್ಲಿ, ತಿನ್ನುವ ಮೊದಲೇ ತೀರ್ಮಾನ ಆಗಿರುತ್ತದೆ. ಬೆಳಗ್ಗೆ ಇನ್ನೈದು ಬೇಕೆಂದರೂ ನೆನೆದದ್ದು ಇರುವುದಿಲ್ಲ. ತೂಕ ನೋಡುವವರು ಮಾತ್ರ ನೆನೆಸುವ ಮೊದಲೇ ನೋಡಬೇಕು. ನೆನೆದ ಬಾದಾಮಿಯನ್ನು ತಕ್ಕಡಿಗೆ ಹಾಕಿ ಪೊಟ್ಟಣದ ಅಂಕಿಯಿಂದ ಗುಣಿಸಿದರೆ ನೀರಿಗೂ ಕ್ಯಾಲೊರಿ ಕಟ್ಟಿದಂತಾಗುತ್ತದೆ.

ಗೋಡಂಬಿಗೂ ಒಣದ್ರಾಕ್ಷಿಗೂ ಇಂಥದೊಂದು ವ್ಯವಸ್ಥೆ ಮಾಡಿಕೊಳ್ಳುವುದು ಕಷ್ಟವಲ್ಲ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಪಕ್ಕದ ಮನೆಯದಾದರೂ ನಡೆದೀತು. ಖಾಲಿ ಬಟ್ಟಲಿಟ್ಟು ಸೊನ್ನೆಗೆ ತನ್ನಿ. ಮೊದಲು ಯಾವಾಗಲೂ ತೆಗೆಯುವಂತೆಯೇ ಕೈಯಲ್ಲಿ ಬಾಚಿ ಹಾಕಿ, ಎಷ್ಟಾಯಿತು ನೋಡಿ. ಆಮೇಲೆ ತೆಗೆದು, ಬಾದಾಮಿ ಗೋಡಂಬಿ ಸೇರಿ 25 ಗ್ರಾಂ, ಒಣದ್ರಾಕ್ಷಿ 10 ಗ್ರಾಂ ಬರುವಂತೆ ಮಾಡಿ. ಮನೆಯಲ್ಲಿರುವ ಯಾವ ಲೋಟ, ಯಾವ ಡಬ್ಬಿಯ ಮುಚ್ಚಳ ಅಷ್ಟನ್ನು ಸರಿಯಾಗಿ ಹಿಡಿಯುತ್ತದೆ ಎಂದು ಹುಡುಕಿ, ಅದನ್ನು ಆ ಡಬ್ಬಿಯೊಳಗೇ ಇಟ್ಟುಬಿಡಿ. ದಿನಾ ತೂಗುವ ಅಗತ್ಯವಿಲ್ಲ. ಗೋಡಂಬಿಯ ದರ್ಜೆ ಬದಲಾದಾಗ ಎಣಿಕೆ ಕೆಡುತ್ತದೆ, ಮುಚ್ಚಳದ ಅಳತೆ ಅಷ್ಟಾಗಿ ಕೆಡುವುದಿಲ್ಲ. ಅಳೆದದ್ದನ್ನು ಬಟ್ಟಲಿಗೆ ಹಾಕಿಕೊಂಡು, ಡಬ್ಬಿಯನ್ನು ಮತ್ತೆ ಕಪಾಟಿಗೆ ಸೇರಿಸಿ, ಆಮೇಲೆ ಟೀವಿ ಮುಂದೆ ಕೂರಿ. ಪಾಯಸಕ್ಕೂ ಪೊಂಗಲ್‌ಗೂ ತುಪ್ಪದಲ್ಲಿ ಹುರಿದ ಗೋಡಂಬಿ ಬಿದ್ದ ದಿನ ಬಟ್ಟಲನ್ನು ಅರ್ಧ ಮಾಡಿದರೆ ಸಾಕು.